ತುತ್ತು ಹೆಚ್ಚಾಗಲಿಲ್ಲ, ತೂಕ ಹೇಗೆ ಹೆಚ್ಚಿತು?



ದಸರಾ ರಜೆಗೋ ಯುಗಾದಿಗೋ ಪಟ್ಟಣದಿಂದ ನಿಮ್ಮ ಮನೆಗೆ ಒಬ್ಬ ಅಣ್ಣನೋ ಚಿಕ್ಕಪ್ಪನೋ ಬಂದಿರುತ್ತಾರೆ. ಆಫೀಸಿನಲ್ಲಿ ಕೆಲಸ. ಅಜ್ಜಿ ಅವರ ಕೆನ್ನೆ ಸವರಿ, "ಈಗ ನೋಡಪ್ಪ, ಮೈಕೈ ತುಂಬ್ಕೊಂಡಿದ್ದೀಯ" ಅಂತ ಖುಷಿಪಡುತ್ತಾರೆ. ಅಮ್ಮ ಮಾತ್ರ ಹೋದ ವರ್ಷ ಕೊಡಿಸಿದ ಪ್ಯಾಂಟು ಸೊಂಟಕ್ಕೆ ಬರುತ್ತಿಲ್ಲ ಅನ್ನುವುದನ್ನು ಗಮನಿಸುತ್ತಾರೆ. ಪಕ್ಕದಲ್ಲಿದ್ದವರು ಯಾರೋ "ಹೋಟ್ಲಲ್ಲಿ ಚೆನ್ನಾಗಿ ತಿಂತಾನೆ, ಅದಕ್ಕೇ" ಅಂತ ತಮಾಷೆ ಮಾಡುತ್ತಾರೆ. ಅಣ್ಣ ಹೇಳುತ್ತಾನೆ: "ಇಲ್ಲ ಕಣೋ, ಮೊದಲು ಎಷ್ಟು ತಿಂತಿದ್ನೋ ಅಷ್ಟೇ ತಿನ್ನೋದು."

ಅವನು ಸುಳ್ಳು ಹೇಳುತ್ತಿದ್ದಾನೆ ಅನ್ನಿಸುತ್ತದೆ ಅಲ್ವಾ? ಆದರೆ ಅವನ ಮಾತು ಪೂರ್ತಿ ನಿಜವಾಗಿರಬಹುದು. ಹೇಗೆ ಅಂತ ಈ ಸಲ ಲೆಕ್ಕ ಹಾಕಿ ನೋಡೋಣ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಅಣ್ಣನ ದಿನಚರಿ

ಲೆಕ್ಕಕ್ಕೆ ಒಬ್ಬ ಅಣ್ಣನನ್ನು ಊಹಿಸಿಕೊಳ್ಳೋಣ. ಹೊಸೂರಿನ ಹತ್ತಿರದ ಹಳ್ಳಿಯವನು. ಎತ್ತರ 168 ಸೆಂಟಿಮೀಟರ್, ತೂಕ 60 ಕಿಲೋ. ಓದುವಾಗ ಬಸ್‌ಸ್ಟಾಂಡಿಗೆ ನಡೆದು ಹೋಗುತ್ತಿದ್ದ, ಸಂಜೆ ತೋಟಕ್ಕೆ ನೀರು ಹಾಯಿಸುತ್ತಿದ್ದ, ಹಸುವಿಗೆ ಹುಲ್ಲು ತರುತ್ತಿದ್ದ. ಎಲ್ಲ ಸೇರಿಸಿದರೆ ದಿನಕ್ಕೆ ಒಂದೂವರೆ ಗಂಟೆ ನಡಿಗೆಯಷ್ಟು ಓಡಾಟ ಇತ್ತು ಅನ್ನಿ. ಅದನ್ನು ಯಾರೂ ವ್ಯಾಯಾಮ ಅಂತ ಕರೆಯುತ್ತಿರಲಿಲ್ಲ. ಅದು ಬರೀ ಮನೆಗೆಲಸ.

ಈಗ ಅವನಿಗೆ ಬೆಂಗಳೂರಿನಲ್ಲಿ ಕೆಲಸ. ಬೆಳಿಗ್ಗೆ ಮನೆ ಹತ್ತಿರವೇ ಕಂಪನಿ ಬಸ್ಸು ಹತ್ತುತ್ತಾನೆ. ಅತ್ತಿಬೆಲೆ, ಚಂದಾಪುರ, ಎಲೆಕ್ಟ್ರಾನಿಕ್ ಸಿಟಿ ದಾಟಿ ಆಫೀಸು ತಲುಪಲು ಒಂದೂವರೆ ಗಂಟೆ, ಸಂಜೆ ವಾಹನ ದಟ್ಟಣೆಯಲ್ಲಿ ಅದಕ್ಕಿಂತ ಹೆಚ್ಚು. ನಡುವೆ ಒಂಬತ್ತು ಗಂಟೆ ಕಂಪ್ಯೂಟರ್ ಮುಂದೆ ಕುರ್ಚಿ. ಹಿಂದಿನ ಒಂದೂವರೆ ಗಂಟೆಯ ಓಡಾಟ ಹೋಗಿ, ಆ ಜಾಗಕ್ಕೂ ಕೂರುವುದೇ ಬಂತು. ಮನೆಯ ಊಟ ಅದೇ ಇದೆ: ಮುದ್ದೆ, ಅನ್ನ, ಸಾರು.

ದೇಹದ ಖರ್ಚು ಅಳೆಯುವುದು ಹೇಗೆ?

ಆಹಾರದ ಶಕ್ತಿಯನ್ನು ಕಿಲೋ ಕ್ಯಾಲೊರಿಯಲ್ಲಿ ಅಳೆಯುತ್ತೇವೆ. ಒಂದು ಕಿಲೋ ನೀರಿನ ಉಷ್ಣತೆಯನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾದ ಶಕ್ತಿಯೇ 1 ಕಿಲೋ ಕ್ಯಾಲೊರಿ.

ನೀವು ಏನೂ ಮಾಡದೆ ಸುಮ್ಮನೆ ಇದ್ದರೂ ಹೃದಯ ಬಡಿಯುತ್ತಿರುತ್ತದೆ, ಮಿದುಳು ಕೆಲಸ ಮಾಡುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಅದಕ್ಕೆಲ್ಲ ಶಕ್ತಿ ಬೇಕು. ವಯಸ್ಕರಲ್ಲಿ ಈ ವಿಶ್ರಾಂತಿಯ ಖರ್ಚು ದೇಹದ ಪ್ರತಿ ಕಿಲೋಗೆ ಗಂಟೆಗೆ ಸುಮಾರು 1 ಕಿಲೋ ಕ್ಯಾಲೊರಿ. ವಿಜ್ಞಾನಿಗಳು ಇದನ್ನು 1 ಮೆಟ್ ಅನ್ನುತ್ತಾರೆ. ಉಳಿದ ಕೆಲಸಗಳನ್ನು ಇದರ ಎಷ್ಟು ಪಟ್ಟು ಅಂತ ಹೇಳುವುದು ವಾಡಿಕೆ. ಕುರ್ಚಿಯಲ್ಲಿ ಕೂತು ಕೆಲಸ ಮಾಡಿದರೆ ಸುಮಾರು 1.3 ಮೆಟ್. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆದರೆ ಸುಮಾರು 3.5 ಮೆಟ್.

ಇನ್ನು ನಮ್ಮ ಅಣ್ಣನ ಲೆಕ್ಕ. ನಡೆಯುವುದಕ್ಕೂ ಕೂರುವುದಕ್ಕೂ ವ್ಯತ್ಯಾಸ 3.5 ಕಳೆಯುವ 1.3, ಅಂದರೆ 2.2 ಮೆಟ್. ಅವನ ತೂಕ 60 ಕಿಲೋ, ಸಮಯ 1.5 ಗಂಟೆ.

2.2 × 60 × 1.5 = 198

ಅಂದರೆ ದಿನಕ್ಕೆ ಸುಮಾರು 200 ಕಿಲೋ ಕ್ಯಾಲೊರಿ ಖರ್ಚಾಗದೆ ಉಳಿಯಿತು. ಒಂದು ತುತ್ತನ್ನೂ ಅವನು ಹೆಚ್ಚಾಗಿ ತಿಂದಿಲ್ಲ. ಖರ್ಚಾಗುತ್ತಿದ್ದದ್ದು ನಿಂತುಹೋಯಿತು, ಅಷ್ಟೇ.

ಉಳಿದ ಶಕ್ತಿ ಎಲ್ಲಿ ಹೋಗುತ್ತದೆ?

ದೇಹ ಅದನ್ನು ಚೆಲ್ಲುವುದಿಲ್ಲ, ಕೊಬ್ಬಾಗಿ ಕೂಡಿಡುತ್ತದೆ. ನಮ್ಮ ಮೈಯ ಕೊಬ್ಬಿನ ಅಂಗಾಂಶ ಒಂದು ಕಿಲೋ ಇದ್ದರೆ ಅದರಲ್ಲಿ ಸುಮಾರು 850 ಗ್ರಾಂ ಅಪ್ಪಟ ಕೊಬ್ಬು, ಉಳಿದದ್ದು ನೀರು ಮತ್ತು ಜೀವಕೋಶದ ಇತರ ಭಾಗಗಳು. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೋ ಕ್ಯಾಲೊರಿ. ಹಾಗಾಗಿ ಒಂದು ಕಿಲೋ ಮೈಕೊಬ್ಬು ಅಂದರೆ ಹೆಚ್ಚುಕಡಿಮೆ 7,700 ಕಿಲೋ ಕ್ಯಾಲೊರಿಯ ಗಂಟು.

ದಿನಕ್ಕೆ 200 ಉಳಿದರೆ ವರ್ಷಕ್ಕೆ 73,000. ಅದನ್ನು 7,700ರಿಂದ ಭಾಗಿಸಿದರೆ ಒಂಬತ್ತೂವರೆ ಕಿಲೋ. ಮೂರು ವರ್ಷಕ್ಕೆ 28 ಕಿಲೋ, ಹತ್ತು ವರ್ಷಕ್ಕೆ 95 ಕಿಲೋ!

ಇಲ್ಲಿ ಸ್ವಲ್ಪ ನಿಲ್ಲಿ. ಆಫೀಸಿಗೆ ಹೋಗುವ ಅಣ್ಣಂದಿರು ಹತ್ತು ವರ್ಷದಲ್ಲಿ 95 ಕಿಲೋ ಹೆಚ್ಚುತ್ತಾರಾ? ಇಲ್ಲ. ಹಾಗಾದರೆ ನಮ್ಮ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ. ಗುಣಾಕಾರ ಸರಿ ಇದೆ. ತಪ್ಪು ಇರುವುದು "ಪ್ರತಿದಿನವೂ 200 ಉಳಿಯುತ್ತಲೇ ಇರುತ್ತದೆ" ಅಂತ ಅಂದುಕೊಂಡದ್ದರಲ್ಲಿ. ಪತ್ರಿಕೆಗಳಲ್ಲಿ ಬರುವ ಎಷ್ಟೋ ಲೇಖನಗಳಲ್ಲೂ ಇದೇ ತಪ್ಪು ಇರುತ್ತದೆ.

ತೂಕ ಹೆಚ್ಚಿದಂತೆ ದೇಹದ ಖರ್ಚೂ ಹೆಚ್ಚುತ್ತದೆ. 68 ಕಿಲೋ ಮೈಯನ್ನು ಎಬ್ಬಿಸಿ, ಮೆಟ್ಟಿಲು ಹತ್ತಿಸಿ, ದಿನವಿಡೀ ಬದುಕಿಸಿಡಲು 60 ಕಿಲೋ ಮೈಗಿಂತ ಹೆಚ್ಚು ಶಕ್ತಿ ಬೇಕು. ಹಾಗಾಗಿ ಮೊದಲ ತಿಂಗಳು 200 ಉಳಿದರೆ, ಕೆಲವು ತಿಂಗಳ ನಂತರ 150, ಆಮೇಲೆ 100, ಹೀಗೆ ಉಳಿತಾಯ ಕರಗುತ್ತ ಹೋಗುತ್ತದೆ. ಕೊನೆಗೊಂದು ದಿನ ಆದಾಯ, ಖರ್ಚು ಎರಡೂ ಸಮವಾಗುತ್ತವೆ. ತೂಕ ಅಲ್ಲಿಗೆ ನಿಲ್ಲುತ್ತದೆ. ತೂತಿರುವ ಕೊಡಕ್ಕೆ ನಲ್ಲಿ ನೀರು ಬಿಟ್ಟು ನೋಡಿ. ನೀರಿನ ಮಟ್ಟ ಏರಿದಂತೆ ತೂತಿನಿಂದ ಹೋಗುವ ನೀರೂ ಜೋರಾಗುತ್ತದೆ. ಒಂದು ಮಟ್ಟಕ್ಕೆ ಬಂದ ಮೇಲೆ ನೀರು ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಅಮೆರಿಕದ ವಿಜ್ಞಾನಿ ಕೆವಿನ್ ಹಾಲ್ ಮತ್ತು ಜೊತೆಗಾರರು 2011ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ವಯಸ್ಕರಲ್ಲಿ ದಿನಕ್ಕೆ 24 ಕಿಲೋ ಕ್ಯಾಲೊರಿಯ ಕಾಯಂ ವ್ಯತ್ಯಾಸವಾದರೆ ಕೊನೆಗೆ ತೂಕದಲ್ಲಿ ಸುಮಾರು 1 ಕಿಲೋ ಬದಲಾವಣೆ ಆಗುತ್ತದೆ. ಅದರ ಅರ್ಧ ಭಾಗ ಮೊದಲ ವರ್ಷದಲ್ಲಿ, ಉಳಿದದ್ದರಲ್ಲಿ ಬಹುಪಾಲು ಮೂರು ವರ್ಷದೊಳಗೆ.

200 ÷ 24 = 8.3

ನಮ್ಮ ಅಣ್ಣ ಸುಮಾರು 8 ಕಿಲೋ ಹೆಚ್ಚುತ್ತಾನೆ. ಮೊದಲ ವರ್ಷ 4, ಮೂರು ವರ್ಷದ ಹೊತ್ತಿಗೆ ಹೆಚ್ಚುಕಡಿಮೆ 8. ಮೊದಲ ವರ್ಷದಲ್ಲೂ ತಿಂಗಳಿಗೆ ಸರಾಸರಿ 300 ಗ್ರಾಂ ಚಿಲ್ಲರೆ ಮಾತ್ರ. ದೇಹದ ನೀರಿನ ಏರಿಳಿತದಿಂದಲೇ ಒಂದು ದಿನದಿಂದ ಇನ್ನೊಂದು ದಿನಕ್ಕೆ ತೂಕ ಒಂದು ಕಿಲೋದಷ್ಟು ಆಚೀಚೆ ಆಗುತ್ತಿರುತ್ತದೆ. ಅದರ ನಡುವೆ ಈ 300 ಗ್ರಾಂ ಯಾರ ಕಣ್ಣಿಗೂ ಬೀಳುವುದಿಲ್ಲ. ಅವನಿಗೆ ಗೊತ್ತಾಗುವ ಹೊತ್ತಿಗೆ ಪ್ಯಾಂಟು ಬಿಗಿಯಾಗಿರುತ್ತದೆ.

ಇದರ ಮೇಲೆ ಆಫೀಸಿನಲ್ಲಿ ದಿನಕ್ಕೆ ಎರಡು ಹೆಚ್ಚಿನ ಚಹಾ ಸೇರಿತು ಅನ್ನಿ. ಒಂದು ಲೋಟಕ್ಕೆ ಎರಡು ಚಮಚ, ಅಂದರೆ 10 ಗ್ರಾಂ ಸಕ್ಕರೆ. ಗ್ರಾಂಗೆ 4ರಂತೆ ಎರಡು ಲೋಟಕ್ಕೆ 80 ಕಿಲೋ ಕ್ಯಾಲೊರಿ. ಅದೇ ಸೂತ್ರದಲ್ಲಿ ಕೊನೆಗೆ ಇನ್ನೂ 3 ಕಿಲೋ. ಹಾಲಿನ ಲೆಕ್ಕ ಹಾಕಿಲ್ಲ.

ಕೆಲಸ ಕಡಿಮೆಯಾದರೆ ಹಸಿವು ಕಡಿಮೆಯಾಗಬೇಡವೇ?

ಒಳ್ಳೆಯ ಪ್ರಶ್ನೆ. ಗದ್ದೆ ಕೆಲಸದ ದಿನ ಹೆಚ್ಚು ಹಸಿವಾಗುತ್ತದೆ. ಹಾಗೆಯೇ ಕೂತ ದಿನ ಕಡಿಮೆ ಹಸಿವಾಗಿದ್ದರೆ ಲೆಕ್ಕ ತಾನಾಗಿಯೇ ಸರಿಹೋಗುತ್ತಿತ್ತು.

ಇದನ್ನು ಪರೀಕ್ಷಿಸಿದ ಒಂದು ಹೆಸರಾಂತ ಅಧ್ಯಯನ ನಮ್ಮ ದೇಶದಲ್ಲೇ ನಡೆದದ್ದು. ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಯಲ್ಲಿ ಜೀನ್ ಮೇಯರ್, ರಾಯ್ ಮತ್ತು ಮಿತ್ರ ಎಂಬ ಸಂಶೋಧಕರು 213 ಗಂಡಸರ ಊಟ, ತೂಕ, ಕೆಲಸ ಮೂರನ್ನೂ ಅಳೆದರು. 1956ರಲ್ಲಿ ಅದು ಪ್ರಕಟವಾಯಿತು. ಅವರಲ್ಲಿ ಅಂಗಡಿಯಲ್ಲಿ ಕೂರುವವರಿದ್ದರು, ಮೇಲ್ವಿಚಾರಕರು ಮತ್ತು ಗುಮಾಸ್ತರಿದ್ದರು, ಯಂತ್ರದ ಕೆಲಸದವರಿದ್ದರು, ಕಲ್ಲಿದ್ದಲು ಹೊರುವವರೂ ಇದ್ದರು. ಸಾಧಾರಣ ಕೆಲಸದಿಂದ ಭಾರೀ ಕೆಲಸದವರೆಗೆ ಊಟವೂ ಕೆಲಸಕ್ಕೆ ತಕ್ಕಂತೆ ಏರುತ್ತಿತ್ತು. ನಾವು ಅಂದುಕೊಂಡ ಹಾಗೆಯೇ. ಆದರೆ ಇಡೀ ದಿನ ಕೂತಿರುವವರಲ್ಲಿ ಊಟ ಕಡಿಮೆ ಆಗಿರಲಿಲ್ಲ. ಅವರು ಭಾರ ಹೊರುವವರಷ್ಟೇ ತಿನ್ನುತ್ತಿದ್ದರು, ತೂಕವೂ ಅವರದ್ದೇ ಹೆಚ್ಚಿತ್ತು. ಒಂದು ಮಿತಿಗಿಂತ ಓಡಾಟ ಕಡಿಮೆಯಾದರೆ ಹಸಿವಿನ ತಕ್ಕಡಿ ಸರಿಯಾಗಿ ತೂಗುವುದಿಲ್ಲ ಅಂತ ಮೇಯರ್ ವಾದಿಸಿದರು.

ದೂರದ ಪ್ರಯಾಣ ಇನ್ನೊಂದು ಕಡೆಯಿಂದಲೂ ಹಸಿವನ್ನು ಕೆಣಕುತ್ತದೆ. ಬೆಳಿಗ್ಗೆ ಐದಕ್ಕೆ ಏಳಬೇಕು, ರಾತ್ರಿ ಊಟ ಹತ್ತಕ್ಕೆ, ಮಲಗುವಾಗ ಹನ್ನೊಂದು ದಾಟಿರುತ್ತದೆ. ನಿದ್ದೆ ಕಡಿಮೆಯಾದವರು ಮರುದಿನ ಹೆಚ್ಚು ತಿನ್ನುತ್ತಾರೆ ಅನ್ನುವುದು ಹಲವು ಪ್ರಯೋಗಗಳಲ್ಲಿ ಕಂಡುಬಂದಿದೆ.

ಕುರ್ಚಿ ಕಾರಣವೋ, ಮೊದಲೇ ದಪ್ಪವಿದ್ದರೋ?

ವಿಜ್ಞಾನದಲ್ಲಿ ಎರಡು ಸಂಗತಿ ಜೊತೆಯಲ್ಲಿ ಕಂಡರೆ ಒಂದು ಇನ್ನೊಂದಕ್ಕೆ ಕಾರಣ ಅಂತ ತಟ್ಟನೆ ಹೇಳಬಾರದು. ಸೆಣಬಿನ ಗಿರಣಿಯ ಮೇಲ್ವಿಚಾರಕರಿಗೆ ಸಂಬಳವೂ ಹೆಚ್ಚು ಇತ್ತಲ್ಲ? ಅದರಿಂದಲೂ ತೂಕ ಹೆಚ್ಚಿರಬಹುದು.

ಇದಕ್ಕೆ ಲಂಡನ್ನಿನ ಒಂದು ಕಥೆ ಇದೆ. ಜೆರೆಮಿ ಮಾರಿಸ್ ಎಂಬ ವೈದ್ಯ ಮತ್ತು ಸಂಗಡಿಗರು ಅಲ್ಲಿನ ಎರಡು ಅಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಅಧ್ಯಯನ ಮಾಡಿದರು. ಚಾಲಕ ಇಡೀ ದಿನ ಕೂತೇ ಇರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡಲು ಮೆಟ್ಟಿಲು ಹತ್ತಿ ಇಳಿಯುತ್ತಲೇ ಇರುತ್ತಿದ್ದ. ಬಸ್ಸು ಒಂದೇ, ಸಂಸ್ಥೆ ಒಂದೇ. ಚಾಲಕರಿಗೆ ಹೃದಯಾಘಾತ ಹೆಚ್ಚು ಅಂತ 1953ರಲ್ಲಿ ಅವರು ತೋರಿಸಿದರು. ಕೂರುವುದೇ ಕಾರಣ ಅಂತ ಯಾರಿಗಾದರೂ ಅನ್ನಿಸುತ್ತದೆ.

ಆದರೆ ಮಾರಿಸ್ ಅಲ್ಲಿಗೆ ಬಿಡಲಿಲ್ಲ. ಸಿಬ್ಬಂದಿಗೆ ಸಮವಸ್ತ್ರ ಹೊಲಿಸಿದ ಅಳತೆಯ ದಾಖಲೆಗಳನ್ನು ತೆಗೆಸಿ ಪ್ಯಾಂಟಿನ ಸೊಂಟದ ಅಳತೆ ನೋಡಿದರು. 1956ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ಚಾಲಕರ ಸೊಂಟ ಎಲ್ಲ ವಯಸ್ಸಿನಲ್ಲೂ ಕಂಡಕ್ಟರುಗಳಿಗಿಂತ ದಪ್ಪ. ಎಲ್ಲ ವಯಸ್ಸಿನಲ್ಲೂ ಅಂದರೆ, ಹೆಚ್ಚು ವರ್ಷ ಸೀಟಿನಲ್ಲಿ ಕೂತಿರದ ಕಿರಿಯರಲ್ಲೂ! ಹಾಗಾದರೆ ವ್ಯತ್ಯಾಸದ ಒಂದು ಭಾಗ ಕೆಲಸಕ್ಕೆ ಸೇರುವ ಮೊದಲೇ ಇತ್ತು. ತಮ್ಮದೇ ತೀರ್ಮಾನಕ್ಕೆ ಎದುರಾಗಬಹುದಾದ ಪುರಾವೆಯನ್ನು ಅವರು ತಾವೇ ಹುಡುಕಿ ಪ್ರಕಟಿಸಿದರು. ಕೂರುವುದರಿಂದ ತೂಕ ಹೆಚ್ಚುತ್ತದೆ ಅನ್ನುವುದಕ್ಕೆ ನಮ್ಮ ಶಕ್ತಿಯ ಲೆಕ್ಕ ಬಲವಾದ ಕಾರಣ ಕೊಡುತ್ತದೆ. ಆದರೆ ಒಬ್ಬ ವ್ಯಕ್ತಿಯನ್ನು ನೋಡಿ "ಇವರ ತೂಕಕ್ಕೆ ಕುರ್ಚಿಯೇ ಕಾರಣ" ಅಂತಾಗಲಿ, "ಸೋಮಾರಿತನವೇ ಕಾರಣ" ಅಂತಾಗಲಿ ಹೇಳುವ ಹಾಗಿಲ್ಲ.

8 ಕಿಲೋ ಹೆಚ್ಚಿದರೆ ಏನಾಯಿತು?

ತೂಕವನ್ನು ಎತ್ತರಕ್ಕೆ ಹೋಲಿಸಲು ಬಿ.ಎಂ.ಐ. ಎಂಬ ಅಳತೆ ಇದೆ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. ಅಣ್ಣನದು ಮೊದಲು 60 ÷ (1.68 × 1.68) = 21.3. ಈಗ 68 ಕಿಲೋ, ಬಿ.ಎಂ.ಐ. 24.1. ಯುರೋಪಿನವರಿಗೆ 25ರವರೆಗೆ ಚಿಂತೆ ಇಲ್ಲ ಅನ್ನುತ್ತಾರೆ. ಆದರೆ ನಮ್ಮ ವೈದ್ಯರು 23 ದಾಟಿದರೇ ಎಚ್ಚರಿಸುತ್ತಾರೆ. ಯಾಕೆ?

ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಪಟವನ್ನೇ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಇಬ್ಬರ ಬಿ.ಎಂ.ಐ. ಒಂದೇ, 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್ನರಿಗೆ ನೂರಕ್ಕೆ 9.1, ಯಾಜ್ಞಿಕರಿಗೆ ನೂರಕ್ಕೆ 21.2! ತೂಕದ ಯಂತ್ರಕ್ಕೆ ಇಬ್ಬರೂ ಒಂದೇ, ಒಳಗಿನ ಲೆಕ್ಕ ಬೇರೆ. ನಮ್ಮವರಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು, ಅದೂ ಹೊಟ್ಟೆಯ ಒಳಗೆ ಕರುಳು, ಯಕೃತ್ತುಗಳ ಸುತ್ತ ಸೇರುವುದು ಹೆಚ್ಚು. ಈ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಬಂದವರಲ್ಲೂ ಸಕ್ಕರೆ ಕಾಯಿಲೆ ಕಾಣಿಸುವುದು ಅದಕ್ಕೇ. ಅಜ್ಜಿಯ ಕಾಲದಲ್ಲಿ ಹಸಿವು ದೊಡ್ಡ ಭಯವಾಗಿತ್ತು, ಮೈ ತುಂಬಿಕೊಳ್ಳುವುದು ನೆಮ್ಮದಿಯ ಗುರುತು. ಅವರ ಖುಷಿ ತಪ್ಪಲ್ಲ. ಅಳೆಯಬೇಕಾದದ್ದು ಮಾತ್ರ ಕೆನ್ನೆಯಲ್ಲ, ಸೊಂಟ.

ಟೇಪಿನಿಂದ ಸೊಂಟ ಅಳೆಯುವ ರೀತಿ ಹೀಗಿದೆ. ಕೊನೆಯ ಪಕ್ಕೆಲುಬಿನ ಕೆಳ ಅಂಚು ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ನಡುಮಧ್ಯೆ ಟೇಪು ಸುತ್ತಬೇಕು. ಟೇಪು ನೆಲಕ್ಕೆ ಸಮಾನಾಂತರವಾಗಿರಲಿ, ಮೈಗೆ ತಾಗಿರಲಿ, ಬಿಗಿಯಬಾರದು. ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಬೇಕು. ಹೊಟ್ಟೆ ಒಳಕ್ಕೆ ಎಳೆದುಕೊಂಡರೆ ಅಳತೆ ಕೆಟ್ಟಿತು! ನಮ್ಮ ದೇಶದ ವಯಸ್ಕರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಎಚ್ಚರಿಕೆಯ ಗೆರೆ. ಅದು ದಾಟಿದರೆ ಒಮ್ಮೆ ರಕ್ತದ ಸಕ್ಕರೆ, ರಕ್ತದೊತ್ತಡ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಅಣ್ಣ ಏನು ಮಾಡಬಹುದು?

ಆಫೀಸಿನಲ್ಲಿ ನಿಂತು ಕೆಲಸ ಮಾಡಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಲೆಕ್ಕ ಹಾಕಿದರೆ ಅದರಿಂದ ತೂಕಕ್ಕೆ ಅಷ್ಟು ಲಾಭವಿಲ್ಲ. ಕೂರುವುದಕ್ಕಿಂತ ನಿಲ್ಲುವುದಕ್ಕೆ ನಿಮಿಷಕ್ಕೆ ಸುಮಾರು 0.15 ಕಿಲೋ ಕ್ಯಾಲೊರಿ ಮಾತ್ರ ಹೆಚ್ಚು ಬೇಕು. ಎರಡು ಗಂಟೆ ನಿಂತರೆ 18. ನಡೆದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಅಣ್ಣ ಬೆಳಿಗ್ಗೆ 2 ಕಿಲೋಮೀಟರ್ ಮೊದಲೇ ಬಸ್ಸು ಇಳಿದು ನಡೆದ, ಸಂಜೆಯೂ ಹಾಗೇ ಮಾಡಿದ ಅನ್ನಿ. ದಿನಕ್ಕೆ 4 ಕಿಲೋಮೀಟರ್, ಅಂದರೆ 48 ನಿಮಿಷ. 2.2 × 60 × 0.8 = ಸುಮಾರು 105 ಕಿಲೋ ಕ್ಯಾಲೊರಿ. ವಾರಕ್ಕೆ ಐದೇ ದಿನ ಕೆಲಸ, ಆದ್ದರಿಂದ ಸರಾಸರಿ ದಿನಕ್ಕೆ 75. ಅದನ್ನು 24ರಿಂದ ಭಾಗಿಸಿದರೆ 3 ಕಿಲೋ.

ಎಂಟರಲ್ಲಿ ಮೂರು ಮಾತ್ರ, ಅದೂ ಒಂದೆರಡು ವರ್ಷ ಬಿಡದೆ ನಡೆದರೆ, ನಡೆದು ಬಂದು ಹೆಚ್ಚು ತಿನ್ನದಿದ್ದರೆ. ಆ ಎರಡು ಚಹಾದ ಸಕ್ಕರೆ ಬಿಟ್ಟರೆ ಹೆಚ್ಚೂಕಡಿಮೆ ಅಷ್ಟೇ ಲಾಭ ಇನ್ನೊಮ್ಮೆ. ತಿಂಗಳಲ್ಲಿ ಹತ್ತು ಕಿಲೋ ಇಳಿಸುವ ಜಾಹೀರಾತು ಕಂಡಾಗ ಈ ಲೆಕ್ಕ ನೆನಪಿಸಿಕೊಳ್ಳಿ. ಮೂರು ವರ್ಷದಲ್ಲಿ ಬಂದದ್ದು ಮೂರು ವಾರದಲ್ಲಿ ಹೋಗುವುದಿಲ್ಲ. ಆದರೆ ನಡಿಗೆಯ ಫಲ ತೂಕದಲ್ಲಿ ಮಾತ್ರ ಕಾಣುವುದಲ್ಲ. ಊಟವಾದ ಮೇಲೆ ಹದಿನೈದು ನಿಮಿಷ ನಡೆದರೆ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಆಗಲೇ ಹೀರಿಕೊಳ್ಳುತ್ತವೆ. ತೂಕ ಒಂದು ಗ್ರಾಂ ಇಳಿಯದಿದ್ದರೂ ಈ ಲಾಭ ಸಿಗುತ್ತದೆ.

ಮಾಡಿ ನೋಡಿ

ನಿಮ್ಮ ಮನೆಯ ವಯಸ್ಕರೊಬ್ಬರು ಒಪ್ಪಿದರೆ ಅವರ ಒಂದು ದಿನದ 24 ಗಂಟೆಯನ್ನು ಬರೆದುಕೊಳ್ಳಿ: ಮಲಗಿದ್ದು, ಕೂತದ್ದು, ನಿಂತದ್ದು, ನಡೆದದ್ದು ಎಷ್ಟೆಷ್ಟು ಗಂಟೆ. ಅವರು ಹತ್ತು ವರ್ಷದ ಹಿಂದೆ ಹೇಗಿದ್ದರು ಅಂತ ಕೇಳಿ ಅದನ್ನೂ ಪಕ್ಕದಲ್ಲಿ ಬರೆಯಿರಿ. ನಡಿಗೆ ಎಷ್ಟು ಗಂಟೆ ಕಡಿಮೆಯಾಗಿದೆಯೋ ಅದನ್ನು 2.2ರಿಂದ, ಆಮೇಲೆ ಅವರ ಹಿಂದಿನ ತೂಕದಿಂದ ಗುಣಿಸಿ, ಬಂದದ್ದನ್ನು 24ರಿಂದ ಭಾಗಿಸಿ. ಅವರ ತೂಕ ನಿಜವಾಗಿ ಎಷ್ಟು ಹೆಚ್ಚಿದೆ ಅನ್ನುವುದಕ್ಕೆ ಹೋಲಿಸಿ. ಹೊಂದದಿದ್ದರೆ ಯಾಕೆ ಅಂತ ಟಿಪ್ಪಣಿ ಬರೆಯಿರಿ.

ಒಂದು ಎಚ್ಚರಿಕೆ. ಈ ಸೂತ್ರಗಳು, 23 ಮತ್ತು 90ರ ಗೆರೆಗಳು ವಯಸ್ಕರಿಗೆ ಮಾತ್ರ. ನೀವು ಬೆಳೆಯುವ ವಯಸ್ಸಿನವರು, ನಿಮ್ಮ ತೂಕ ಹೆಚ್ಚಲೇಬೇಕು. ಆದ್ದರಿಂದ ತರಗತಿಯಲ್ಲಿ ಒಬ್ಬರನ್ನೊಬ್ಬರು ಅಳೆಯಬೇಡಿ, ಹೆಸರಿಟ್ಟು ಕರೆಯಬೇಡಿ. ಮುಂದಿನ ಹಬ್ಬಕ್ಕೆ ಅಣ್ಣ ಬಂದಾಗ "ದಪ್ಪ ಆಗಿದ್ದೀಯ" ಅನ್ನುವ ಬದಲು, ಊಟವಾದ ಮೇಲೆ ಅವನನ್ನು ತೋಟದವರೆಗೆ ನಡೆಸಿಕೊಂಡು ಹೋಗಿ ಈ 200ರ ಲೆಕ್ಕ ಹೇಳಿ.